ಇಪ್ಪತ್ತೈದು ಪರ್ಸೆಂಟ್ ಯಾವುದರ ಮೇಲೆ?

ಕಾರವಾರದಲ್ಲಿ ಬಿಲ್ಡರ್ ಆಫೀಸಿನ ಸೇಲ್ಸ್‌ನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ನಿವೃತ್ತ ಮಾಸ್ತರೊಬ್ಬರು ಟೂ ಬಿಎಚ್‌ಕೆ ನೋಡಲು ಬಂದರು. ಕೊಟೇಶನ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಸೂಪರ್ ಬಿಲ್ಟ್‌ಅಪ್ 1150 ಚದರಡಿ, ರೇಟು 4,000, ಒಟ್ಟು 46 ಲಕ್ಷ. ಮನೆಯ ಒಳಗಿನ ಜಾಗದ ಲೆಕ್ಕ, ಅಂದರೆ ಕಾರ್ಪೆಟ್ ಏರಿಯಾ, ಮೂರನೇ ಪುಟದ ಮೂಲೆಯಲ್ಲಿತ್ತು.

"ಒಳಗೆ ಎಷ್ಟು ಸಿಗ್ತದೆ ತಮಾ?" ಅಂದರು. ನಾನು ಸಲೀಸಾಗಿ, "ಲೋಡಿಂಗ್ ಇಪ್ಪತ್ತೈದು ಪರ್ಸೆಂಟ್ ಅಷ್ಟೇ ಸರ್" ಅಂದುಬಿಟ್ಟೆ. ಮೆಟ್ಟಿಲು, ಲಿಫ್ಟ್‌ನಂಥ ಎಲ್ಲರ ಜಾಗದ ಪಾಲನ್ನು ಸೇರಿಸೋದಕ್ಕೆ ನಮ್ಮಲ್ಲಿ ಲೋಡಿಂಗ್ ಅಂತಾರೆ.

ವಾರ ಬಿಟ್ಟು ಟೇಪ್ ಹಿಡಿದೇ ಬಂದರು. ಸ್ಯಾಂಪಲ್ ಫ್ಲ್ಯಾಟ್‌ನ ಒಂದೊಂದು ಕೋಣೆಯನ್ನೂ ಅಳೆದು, ಬಸ್ ಟಿಕೆಟ್ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಬಾಲ್ಕನಿ ಬಿಟ್ಟು 765. "1150ರಲ್ಲಿ ಕಾಲು ಭಾಗ ತೆಗೆದರೆ 862. ನೂರು ಚದರಡಿ ಎಲ್ಲಿ ಹೋಯ್ತು?"

ಟೇಪ್ ಜಗ್ಗಿರಬೇಕು ಸರ್ ಅಂದೆ. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ. ಅವರು ಮಾತಾಡದೆ ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಹಾಲ್‌ನಿಂದ ಶುರುಮಾಡಿ ಮತ್ತೆ ಅಳೆದೆವು. ಹೊರಗೆ ಮಳೆ ಹೊಡೀತಿತ್ತು, ನನಗೆ ಒಳಗೆ ಬೆವರು. ಮತ್ತೆ ಅದೇ 765.

ಇಂಜಿನಿಯರ್ ಡ್ರಾಯಿಂಗ್ ತಂದು ಬಿಡಿಸಿ ಹೇಳಿದ ಮೇಲೆ ನನಗೂ ಸರಿಯಾಗಿ ಅರ್ಥವಾಯಿತು. 2016ರ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಕೋಣೆ ಕೋಣೆ ನಡುವಿನ ಗೋಡೆಗಳೂ ಸೇರುತ್ತವೆ. ನೆಲದ ಮೇಲೆ ಟೇಪ್ ಹಿಡಿದರೆ ಅವು ಸಿಗಲ್ಲ. ನಮ್ಮ ಫ್ಲ್ಯಾಟ್‌ನಲ್ಲಿ ಅದೇ 35. ಅಲ್ಲಿಗೆ ಕಾರ್ಪೆಟ್ 800. ಹೊರಗೋಡೆ, ಬಾಲ್ಕನಿ ಕಾರ್ಪೆಟ್‌ಗೆ ಸೇರಲ್ಲ. ಅವೆರಡೂ ತಲಾ 60, ಕೂಡಿಸಿದರೆ ಬಿಲ್ಟ್‌ಅಪ್ 920. ಮೆಟ್ಟಿಲು, ಲಿಫ್ಟ್, ಲಾಬಿಯ ಪಾಲು ಅಂತ ಹಾಕುವ ಇಪ್ಪತ್ತೈದು ಪರ್ಸೆಂಟ್ ಈ 920ರ ಮೇಲೆ. ಅದು 230, ಒಟ್ಟು 1150.

ಅಂದರೆ ಮಾಸ್ತರು ಮೇಲಿನಿಂದ ಕಾಲು ಭಾಗ ಇಳಿಸಿದ್ದರು, ನಾವು ಕೆಳಗಿನಿಂದ ಏರಿಸಿದ್ದೆವು. 1150ರಲ್ಲಿ 230 ಅಂದರೆ ಇಪ್ಪತ್ತೇ ಪರ್ಸೆಂಟ್. ಆದರೆ ಅದನ್ನು ಕಳೆದರೆ ಸಿಗೋದು ಬಿಲ್ಟ್‌ಅಪ್, ಕಾರ್ಪೆಟ್ ಅಲ್ಲ. ತಪ್ಪು ಅವರದಲ್ಲ. ಯಾವುದರ ಮೇಲೆ ಅಂತ ನಾನು ಹೇಳಿರಲೇ ಇಲ್ಲ.

ಮಾಸ್ತರು ಟಿಕೆಟ್ ಹಿಂದೆ ಇನ್ನೊಂದು ಲೆಕ್ಕ ಮಾಡಿದರು. 46 ಲಕ್ಷ ಭಾಗಿಸು 800. "ಹಾಗಾದ್ರೆ ನಿಮ್ಮ ರೇಟು 4,000 ಅಲ್ಲ, 5,750" ಅಂದರು. ಬೇರೆ ಬಿಲ್ಡರ್ ಕೊಟೇಶನ್ನನ್ನೂ ಹಾಗೇ ಭಾಗಿಸಿ ನೋಡಿ ಬರ್ತೇನೆ ಅಂತ ಎದ್ದರು. ಬರಲಿಲ್ಲ.

ಕಾರ್ಪೆಟ್ ಸಾಲನ್ನು ಮೊದಲ ಪುಟಕ್ಕೆ ತನ್ನಿ ಅಂತ ಸಾಹುಕಾರರಿಗೆ ಹೇಳಿದೆ. "ಫಾರ್ಮ್ಯಾಟ್ ಮುಟ್ಟಬೇಡ" ಅಂದರು. ಅದಕ್ಕೆ ಈಗ ಪ್ರತಿ ಕೊಟೇಶನ್ ಮೇಲೂ ನಾಲ್ಕು ಅಂಕಿ ಪೆನ್ನಿನಲ್ಲೇ ಬರೆದು ಕೊಡುತ್ತೇನೆ: 765, 800, 920, 1150.