ನಂದಾದೀವಿಗೆಯ ಲೆಕ್ಕ: ದೇಗುಲದ ದತ್ತಿಗಳ ಪ್ರಬಂಧ, ನಾಲ್ಕನೇ ಕರಡಿನವರೆಗಿನ ದಾಖಲೆ

ಕರಡು 1: ಪ್ರಶ್ನೆಯನ್ನು ಕಿರಿದು ಮಾಡಿದ್ದು

ಮೊದಲ ಕರಡಿನ ಹೆಸರು "ದಾನ, ಉಡುಗೊರೆ, ಪ್ರತಿಫಲ" ಎಂದಿತ್ತು. ಇಷ್ಟು ದೊಡ್ಡ ಹೆಸರಿನಡಿ ಹುಂಡಿಯ ಕಾಣಿಕೆ, ಗೋದಾನ, ಅನ್ನಸಂತರ್ಪಣೆ, ಅಗ್ರಹಾರದ ಭೂದಾನ ಎಲ್ಲವೂ ನುಗ್ಗಿ ಬಂದವು, ಯಾವುದಕ್ಕೂ ನ್ಯಾಯ ಸಿಗಲಿಲ್ಲ. ಆದ್ದರಿಂದ ವಸ್ತುವನ್ನು ಹೀಗೆ ಕತ್ತರಿಸಲಾಯಿತು: ಹನ್ನೆರಡು, ಹದಿಮೂರನೇ ಶತಮಾನದ ಕನ್ನಡ ದಾನಶಾಸನಗಳು, ಅವುಗಳಲ್ಲೂ ಇಡುಗಂಟಿನ ದತ್ತಿಗಳು ಮಾತ್ರ. ದಾನಿ ಇಷ್ಟು ಗದ್ಯಾಣ, ಅಂದರೆ ಚಿನ್ನದ ನಾಣ್ಯ, ಇಡುತ್ತಾನೆ, ಅದರ ಬಡ್ಡಿಯಲ್ಲಿ ನಂದಾದೀವಿಗೆಯ, ಅಂದರೆ ಎಂದೂ ಆರದ ದೀಪದ, ಎಣ್ಣೆಯೋ ಅಭಿಷೇಕದ ಹಾಲೋ ದಿನವೂ ನಡೆಯಬೇಕು. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಹಾಲಿನ ಅಭಿಷೇಕಕ್ಕೆ ಹೀಗೆ ಹಣ ಇಟ್ಟ ಚಿಕ್ಕ ಚಿಕ್ಕ ಬರಹಗಳಿವೆ. ಅರಸರ ಭಾರಿ ಭೂದಾನಗಳಿಗಿಂತ ಈ ಸಣ್ಣ ದತ್ತಿಗಳು ಪ್ರಬಂಧಕ್ಕೆ ಹೆಚ್ಚು ಒದಗುತ್ತವೆ. ಏನು ಕೊಟ್ಟರು, ಅದರಿಂದ ಏನಾಗಬೇಕು ಎಂಬುದು ಅಳತೆಯ ಸಮೇತ ಅಲ್ಲಿರುತ್ತದೆ.

ಕೇಳಬೇಕಾದ ಪ್ರಶ್ನೆಯೂ ಒಂದಕ್ಕೆ ಇಳಿಯಿತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಉಡುಗೊರೆಯ ಕುರಿತ 1925ರ ತನ್ನ ಪ್ರಬಂಧದಲ್ಲಿ ಕೊಡುವುದು, ಪಡೆಯುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳನ್ನು ಹೇಳಿದ. ದೀಪಕ್ಕೆ ಹಣ ಇಟ್ಟಲ್ಲಿ ಮೊದಲಿನ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಎಲ್ಲಿ?

ಕರಡು 2: ಪಟ್ಟಿಯ ಅಂಕಣಗಳು

ಶಾಸನಗಳನ್ನು ಪಟ್ಟಿಗೆ ಇಳಿಸುವಾಗ ಮೊದಲು ಇಟ್ಟದ್ದು ಎರಡೇ ಅಂಕಣ: ದಾನಿ, ಪಡೆದವನು. ಮೂರನೇ ಶಾಸನಕ್ಕೇ ಇದು ಕೈಕೊಟ್ಟಿತು. ಪಡೆದವನ ಕಡೆ ದೇವರ ಹೆಸರು ಬರೆಯಬೇಕೋ, ಯಾರ "ಕಾಲಂ ಕರ್ಚಿ ಧಾರಾಪೂರ್ವಕಂ" ಮಾಡಿ, ಅಂದರೆ ಕಾಲು ತೊಳೆದು ನೀರು ಬಿಟ್ಟು, ಕೊಟ್ಟರೋ ಆ ಆಚಾರ್ಯನ ಹೆಸರು ಬರೆಯಬೇಕೋ? ಹಣ ಹೋಗಿದ್ದು ಇವರಿಬ್ಬರಿಗೂ ಅಲ್ಲ, ಊರಿನ ನಕರಕ್ಕೆ, ಅಂದರೆ ವರ್ತಕರ ಕೂಟಕ್ಕೆ, ಎಂದಿದ್ದರೆ?

ಈಗ ಅಂಕಣಗಳು ಐದು. ಕೊಟ್ಟವರು, ಯಾವ ದೇವರಿಗೆ, ಯಾರ ಕೈಯಲ್ಲಿ ನೀರು ಬಿಟ್ಟರು, ಇಡುಗಂಟು ಯಾರ ವಶದಲ್ಲಿದೆ, ಕಾಯಬೇಕಾದವರು ಯಾರು. ಎಲ್ಲ ಶಾಸನಗಳಲ್ಲೂ ಐದೂ ತುಂಬುವುದಿಲ್ಲ. ಖಾಲಿ ಬಿಟ್ಟದ್ದನ್ನು "ಇಲ್ಲ" ಎಂದು ಬರೆಯದೆ "ಹೇಳಿಲ್ಲ" ಎಂದು ಬರೆಯುವುದು ಮುಖ್ಯ. ಕಲ್ಲಿನಲ್ಲಿ ಜಾಗ ಕಡಿಮೆ, ಎಲ್ಲರಿಗೂ ಗೊತ್ತಿದ್ದದ್ದನ್ನು ಕಂಡರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇಲ್ಲಿ ಪದೇಪದೇ ಆಗುವ ತಪ್ಪು ಒಂದು. ಶಾಸನದ ಮೊದಲಿಗೆ ಬಿರುದುಗಳ ಸಮೇತ ಬರುವ ಅರಸನನ್ನು ದಾನಿ ಎಂದು ಹಿಡಿಯುವುದು. ಅವನು ಅಲ್ಲಿರುವುದು ಬಹುಪಾಲು ಕಾಲ ಹೇಳುವುದಕ್ಕೆ, "ರಾಜ್ಯಂಗೆಯ್ಯುತ್ತಮಿರೆ" ಎನ್ನುವುದಕ್ಕೆ. ದಾನಿ ಬರುವುದು ತಿಥಿ, ವಾರ, ಸಂಕ್ರಮಣ ಅಥವಾ ಗ್ರಹಣದ ಆಸುಪಾಸಿನಲ್ಲಿ. "ಬಿಟ್ಟರು", "ಕೊಟ್ಟರು" ಎಂಬ ಕ್ರಿಯಾಪದವನ್ನು ಮೊದಲು ಹುಡುಕಿ, ಅದರ ಕರ್ತೃ ಯಾರೆಂದು ಹಿಂದಕ್ಕೆ ಓದಿದರೆ ಈ ತಪ್ಪು ಆಗುವುದಿಲ್ಲ.

ಕಾಲದ ವಿಷಯ ಚಿಕ್ಕದು: ಶಕವರ್ಷಕ್ಕೆ 78 ಕೂಡಿಸಿ, ಸಂವತ್ಸರದ ಹೆಸರನ್ನು 60 ವರ್ಷದ ಚಕ್ರದಲ್ಲಿ ತಾಳೆ ನೋಡಬೇಕು. ಶಕ 1084 ಎಂದರೆ 1162, ಸಂವತ್ಸರ ಚಿತ್ರಭಾನು. ಹೆಸರು ಹೊಂದದಿದ್ದರೆ ಗತ ವರ್ಷವೋ ವರ್ತಮಾನ ವರ್ಷವೋ ಎಂಬ ಒಂದು ವರ್ಷದ ವ್ಯತ್ಯಾಸ ಇರಬಹುದು, ಅಥವಾ ಅಂಕಿಯನ್ನೇ ತಪ್ಪಾಗಿ ಓದಿರಬಹುದು.

ಕರಡು 3: ಒಂದು ದತ್ತಿಯ ಲೆಕ್ಕ

ಸಿದ್ಧಾಂತಕ್ಕೆ ಕೈ ಹಾಕುವ ಮುಂಚೆ ದೀಪ ನಿಜಕ್ಕೂ ಹೇಗೆ ಉರಿಯುತ್ತದೆ ಎಂದು ನೋಡಬೇಕಿತ್ತು. ಕೆಳಗಿನದು ಯಾವುದೋ ಒಂದು ಶಾಸನದ ಪಾಠವಲ್ಲ, ಆ ಬಗೆಯ ದತ್ತಿಗಳ ಚೌಕಟ್ಟಿನಲ್ಲಿ ಕಟ್ಟಿಕೊಂಡ ಮಾದರಿ.

ದಾನಿ 12 ಗದ್ಯಾಣ ಇಟ್ಟಿದ್ದಾನೆ. ಬಡ್ಡಿ ತಿಂಗಳಿಗೆ ಗದ್ಯಾಣಕ್ಕೆ ಒಂದು ಹಾಗ. ಹಣಕ್ಕೆ ನಾಲ್ಕು ಹಾಗ, ಗದ್ಯಾಣಕ್ಕೆ ಹತ್ತು ಹಣ ಎಂದು ಹಿಡಿದರೆ ಗದ್ಯಾಣಕ್ಕೆ 40 ಹಾಗ. ಪಟ್ಟಿಯಲ್ಲಿ B ಅಂಕಣ ಇಡುಗಂಟು, C ಅಂಕಣ ತಿಂಗಳ ಬಡ್ಡಿಯ ಹಾಗ. ವರ್ಷದ ಬಡ್ಡಿ ಗದ್ಯಾಣದಲ್ಲಿ:

```
=B2*C2*12/40
```

ಉತ್ತರ 3.6 ಗದ್ಯಾಣ, ಅಂದರೆ ನೂರಕ್ಕೆ 30. ಮೊದಲ ಸಲ ನೋಡಿದವರಿಗೆ ಲೆಕ್ಕ ತಪ್ಪಿದೆ ಎನಿಸುವಷ್ಟು ದೊಡ್ಡ ದರ. ತಪ್ಪು ಸಾಮಾನ್ಯವಾಗಿ ಆಗುವುದು ಬೇರೆ ಕಡೆ: ಗದ್ಯಾಣಕ್ಕೆ ಒಂದು ಹಾಗ ಎಂಬರ್ಥದ "ಹೊನ್ನಿಂಗೆ ಹಾಗ" ಎಂಬುದನ್ನು ವರ್ಷಕ್ಕೆ ಎಂದು ಓದುವುದರಲ್ಲಿ. ಹಾಗೆ ಓದಿದರೆ ನೂರಕ್ಕೆ ಎರಡೂವರೆ ಮಾತ್ರ ಬರುತ್ತದೆ, ದೀಪದ ಎಣ್ಣೆಗೆ ಸಾಲುವುದೇ ಇಲ್ಲ.

ಈಗ ಎಣ್ಣೆ. ಸೊಲ್ಲಿಗೆ ಎಂಬುದು ಒಂದು ಸಣ್ಣ ಅಳತೆ; ದಿನಕ್ಕೆ ಒಂದು ಸೊಲ್ಲಿಗೆ ಎಂದರೆ ತಿಂಗಳಿಗೆ 30 ಸೊಲ್ಲಿಗೆ. ಕೈಯಲ್ಲಿರುವುದು 12 ಹಾಗ. ಒಂದು ಹಾಗಕ್ಕೆ ಎರಡೂವರೆ ಸೊಲ್ಲಿಗೆ ಸಿಗುವಷ್ಟು ದಿನ ಲೆಕ್ಕ ಸರಿ. ಎಣ್ಣೆ ತುಟ್ಟಿಯಾಗಿ ಹಾಗಕ್ಕೆ ಎರಡೇ ಸೊಲ್ಲಿಗೆ ಎಂದಾದರೆ ತಿಂಗಳಿಗೆ 24 ಸೊಲ್ಲಿಗೆ ಬರುತ್ತದೆ, ಆರು ದಿನ ಗರ್ಭಗುಡಿ ಕತ್ತಲು. "ನಂದಾ" ಎಂಬ ಮಾತು ಅಲ್ಲಿಗೆ ಮುಗಿಯಿತು. ಗಾಣಕ್ಕೆ ಇಷ್ಟೆಂದು ಎಣ್ಣೆಯನ್ನೇ ಬಿಡಿಸುವ ದತ್ತಿಗಳಿಗೆ ಈ ಕಾಟವಿಲ್ಲ. ಬೆಲೆ ಏರಿದರೂ ಇಳಿದರೂ ಬರುವುದು ಅಷ್ಟೇ ಎಣ್ಣೆ; ಗಾಣ ನಿಂತರೆ ಮಾತ್ರ ತೊಂದರೆ.

ಈ ಲೆಕ್ಕ ಪ್ರಬಂಧದ ದಿಕ್ಕನ್ನೇ ಬದಲಿಸಿತು. ಇಡುಗಂಟು ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಯಾರೋ ಅದನ್ನು ಹಿಡಿದಿದ್ದಾರೆ, ಬಳಸುತ್ತಿದ್ದಾರೆ, ತಿಂಗಳು ತಿಂಗಳೂ ಬಡ್ಡಿ ತೆರುತ್ತಿದ್ದಾರೆ. ದಾನಿ ಒಂದು ಸಲ ಕೊಟ್ಟು ಹೊರಟುಹೋದ. ದೇವರಿಗೆ ಬಾಕಿಯಾಗಿ ಉಳಿದವರು ನಕರದವರು, "ಆಚಂದ್ರಾರ್ಕತಾರಂಬರಂ", ಸೂರ್ಯ ಚಂದ್ರರಿರುವವರೆಗೆ. ದಾನದಿಂದ ಹುಟ್ಟಿದ ನಂಟು ಕೊಟ್ಟವನಿಗೂ ಪಡೆದವನಿಗೂ ನಡುವಿನದಲ್ಲ. ದಾನದ ಹಣವನ್ನು ಸಾಲವಾಗಿ ಹೊತ್ತವರಿಗೂ ದೇಗುಲಕ್ಕೂ ನಡುವಿನದು.

ಕರಡು 4: ಸಿದ್ಧಾಂತಗಳನ್ನು ಒರೆಗೆ ಹಚ್ಚಿದ್ದು

ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ 1986ರಲ್ಲಿ ಮೋಸ್‌ನ ಮಾತಿಗೆ ಎದುರಾಡಿದ. ಧರ್ಮಶಾಸ್ತ್ರದ ದಾನಕ್ಕೆ ಲೋಕದಲ್ಲಿ ಪ್ರತಿಫಲ ಇರಬಾರದು, ಕೊಟ್ಟ ವಸ್ತು ಮರಳಬಾರದು. ಫಲ ಬರುವುದು ಕಾಣದ ಲೋಕದಲ್ಲಿ. ಜೊತೆಗೆ ದಾನಿಯ ಪಾಪವೂ ವಸ್ತುವಿನೊಡನೆ ಪಡೆದವನಿಗೆ ದಾಟುತ್ತದೆ. ಈ ವಾದಕ್ಕೆ ಆಧಾರ ವಾರಾಣಸಿಯಲ್ಲಿ ಮರಣದ ಕರ್ಮ ನಡೆಸುವ ಪುರೋಹಿತರು. ಅದರ ಮೊದಲರ್ಧ ನಮ್ಮ ದತ್ತಿಗಳಿಗೆ ಚೆನ್ನಾಗಿ ಹೊಂದುತ್ತದೆ, ಉತ್ತರಾರ್ಧ ಹೊಂದುವುದಿಲ್ಲ. ಕಾಲು ತೊಳೆಸಿಕೊಂಡ ಆಚಾರ್ಯನನ್ನು ಶಾಸನಗಳು ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ ಎಂದು ಉದ್ದಕ್ಕೆ ಹೊಗಳುತ್ತವೆ. ಪಾಪ ಹೊತ್ತವನ ಸುಳಿವು ಎಲ್ಲೂ ಇಲ್ಲ. ಹಾಗೆಂದು ಪ್ಯಾರಿ ತಪ್ಪು ಎಂದು ಬರೆಯುವಂತಿಲ್ಲ. ಕಲ್ಲಿನ ಮೇಲೆ ಕೂರಿಸುವ ಬರಹದಲ್ಲಿ ಪಡೆದವನ ಮುಜುಗರವನ್ನು ಯಾರು ಕೆತ್ತಿಸುತ್ತಾರೆ? ಮೂರನೇ ಕರಡಿನಲ್ಲಿದ್ದ "ಪಾಪ ದಾಟುವುದಿಲ್ಲ" ಎಂಬ ಸಾಲು ಈಗ "ಈ ಬಗೆಯ ಬರಹದಲ್ಲಿ ಕಾಣುವುದಿಲ್ಲ" ಎಂದಾಗಿದೆ.

ದಕ್ಷಿಣ ಭಾರತದ ದೇಗುಲಗಳ ಬಗ್ಗೆ ವಿದ್ವಾಂಸರಾದ ಅರ್ಜುನ್ ಅಪ್ಪಾದುರೈ ಮತ್ತು ಕರೋಲ್ ಬ್ರೆಕೆನ್‌ರಿಜ್ 1976ರಲ್ಲಿ ಹೇಳಿದ್ದು ಬೇರೆ. ದೇವರು ಇಲ್ಲಿ ಬರಿಯ ಮೂರ್ತಿಯಲ್ಲ, ಒಡೆಯ. ಕಾಣಿಕೆ ದೇವರಿಗೆ ಸೇರಿ, ಪ್ರಸಾದ, ತೀರ್ಥ, ಮರ್ಯಾದೆಗಳಾಗಿ ಹಂಚಿಹೋಗುತ್ತದೆ. ಕೊಟ್ಟವನಿಗೆ ಮರಳುವುದು ಆ ಮರ್ಯಾದೆಯ ಪಾಲು. ತಮಿಳುನಾಡಿನ ದೇಗುಲಗಳಲ್ಲಿ ಜಗಳಗಳು ಹುಟ್ಟುವುದೇ ಈ ಪಾಲಿನ ಮೇಲೆ ಎನ್ನುವಾಗ ಅವರ ವಾದ ಬಿಗಿಯಾಗಿದೆ. ಆದರೆ ದೀಪದ ಸಣ್ಣ ದತ್ತಿಗಳಲ್ಲಿ ದಾನಿಗೆ ಇಂಥ ಮರ್ಯಾದೆ ಸಲ್ಲಬೇಕು ಎಂಬ ಕರಾರು ಕಾಣದು. ಅವನಿಗೆ ಸಿಕ್ಕ ಕಣ್ಣಿಗೆ ಕಾಣುವ ಮರ್ಯಾದೆ ಎಂದರೆ ಆ ಕಲ್ಲೇ, ಅದರ ಮೇಲಿನ ಹೆಸರು.

ಹಾಗಾದರೆ ಮರಳಿಸುವ ಕಟ್ಟುಪಾಡು? ಅದು ಶಾಸನದ ಕೊನೆಯಲ್ಲಿ, ಓದುಗರು ಸಾಮಾನ್ಯವಾಗಿ ಹಾರಿಸಿಬಿಡುವ ಶಾಪದ ಶ್ಲೋಕಗಳಲ್ಲಿ ಕೂತಿದೆ. "ಸ್ವದತ್ತಾಂ ಪರದತ್ತಾಂ ವಾ" ಎಂಬುದು ಎಲ್ಲರಿಗೂ ಗೊತ್ತು: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ. ಅದರ ಪಕ್ಕದಲ್ಲೇ ಬರುವ ಇನ್ನೆರಡು ಶ್ಲೋಕಗಳು ಈ ಪ್ರಬಂಧಕ್ಕೆ ಹೆಚ್ಚು ಬೇಕಾದವು. ಒಂದು, "ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ": ಕೊಡುವುದಕ್ಕಿಂತ ಕಾಯುವುದು ಮೇಲು; ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅಚ್ಯುತಪದ. ಇನ್ನೊಂದು, "ಯಸ್ಯ ಯಸ್ಯ ಯದಾ ಭೂಮಿಸ್ತಸ್ಯ ತಸ್ಯ ತದಾ ಫಲಂ": ಭೂಮಿ ಯಾವಾಗ ಯಾರದೋ ಆಗ ಫಲ ಅವರದು.

ಎರಡನ್ನೂ ಜೋಡಿಸಿ ಓದಿದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ. ಫಲ ದಾನಿಯ ಹೆಸರಿನಲ್ಲಿ ಒಂದೇ ಸಲ ಜಮೆಯಾಗಿ ಮುಗಿಯುವುದಿಲ್ಲ. ಮುಂದೆ ಬರುವ ಅರಸನಿಗೂ ಅದರಲ್ಲಿ ಪಾಲಿದೆ, ಕೆಡಿಸದೆ ಬಿಟ್ಟರೆ ಸಾಕು. ಏನನ್ನೂ ಕೊಡದವನನ್ನು ದಾನಿಯ ಸಾಲಿಗೆ, ಅವನಿಗಿಂತ ಮೇಲಕ್ಕೂ, ಏರಿಸುವ ಲಂಚ ಇದು ಎನ್ನಬಹುದು. ಮೋಸ್‌ನ ಮೂರನೇ ಕಟ್ಟುಪಾಡು ಇಲ್ಲಿ "ಮರಳಿಸು" ಎಂದಿಲ್ಲ, "ಮುಟ್ಟಬೇಡ" ಎಂದಿದೆ. ಹೇಳಿರುವುದು ಪಡೆದವನಿಗಲ್ಲ, ಇನ್ನೂ ಹುಟ್ಟದ ಮೂರನೆಯವನಿಗೆ.

ಒಂದು ಎಚ್ಚರಿಕೆ. ಈ ಶ್ಲೋಕಗಳು ಲಿಪಿಕಾರರ ಕೈಯಲ್ಲಿ ಸಿದ್ಧವಾಗಿದ್ದ ಸರಕು. ನೂರು ಶಾಸನಗಳಲ್ಲಿ ಇವೆ ಎಂದು ಎಣಿಸಿದರೆ ನೂರು ದಾನಿಗಳು ಹೀಗೆ ಯೋಚಿಸಿದರು ಎಂದಾಗುವುದಿಲ್ಲ. ಹೆಚ್ಚು ನಂಬಬಹುದಾದದ್ದು ಸಂಸ್ಕೃತ ಶ್ಲೋಕದ ಮುಂಚೆ ಬರುವ ಕನ್ನಡ ಗದ್ಯ: ಪ್ರತಿಪಾಲಿಸಿದವರಿಗೆ ವಾರಣಾಸಿ, ಕುರುಕ್ಷೇತ್ರದಲ್ಲಿ ಸಾಸಿರ ಕವಿಲೆಯ ಕೋಡು ಕೊಳಗಿಗೆ ಹೊನ್ನು ಕಟ್ಟಿಸಿ ಕೊಟ್ಟ ಫಲ, ಅಳಿದವರಿಗೆ ಅಷ್ಟೇ ಕವಿಲೆಗಳನ್ನು ಕೊಂದ ಪಾಪ. ಇದೂ ಸೂತ್ರವೇ, ಆದರೆ ಊರಿಂದೂರಿಗೆ ಮಾತು ಬದಲಾಗುತ್ತದೆ. ಕೆಲವು ಕಡೆ ಕಾಯಬೇಕಾದವರ ಹೆಸರೂ ಸೇರಿಕೊಳ್ಳುತ್ತದೆ. ಪಟ್ಟಿಯ ಐದನೇ ಅಂಕಣವನ್ನು ಈ ಗದ್ಯದಿಂದ ಮಾತ್ರ ತುಂಬುವುದು ಎಂದು ನಿಯಮ ಮಾಡಲಾಗಿದೆ. ಅದರಿಂದ ಅರ್ಧಕ್ಕರ್ಧ ಸಾಲುಗಳಲ್ಲಿ "ಹೇಳಿಲ್ಲ" ಎಂದು ಬಿದ್ದರೂ ಸರಿಯೇ.

ಮುಂದಿನ ಕೆಲಸ

ಐದನೇ ಕರಡಿಗೆ ಪುನರ್ಧಾರೆಯ ಶಾಸನಗಳು ಬೇಕು: ಹಿಂದಿನ ದತ್ತಿ ನಿಂತುಹೋಗಿ, ಇನ್ನೊಬ್ಬರು ಅದನ್ನೇ ಮತ್ತೆ ನೀರು ಬಿಟ್ಟು ಕೊಟ್ಟವು. ಅವುಗಳಲ್ಲಿ ನೋಡಬೇಕಾದದ್ದು ಎರಡು. ಹಳೆಯ ದಾನಿಯ ಹೆಸರನ್ನು ಹೊಸ ಕಲ್ಲು ಉಳಿಸಿಕೊಂಡಿದೆಯೇ, ಮತ್ತು ಮತ್ತೆ ಕೊಟ್ಟವನನ್ನು ಕೊಟ್ಟವನೆಂದು ಕರೆದಿದೆಯೋ ಕಾಯ್ದವನೆಂದೋ. ಕೊಟ್ಟವನೆಂದೇ ಎಲ್ಲ ಕಡೆ ಇದ್ದರೆ ನಾಲ್ಕನೇ ಕರಡಿನ ವಾದದ ಅರ್ಧ ಭಾಗವನ್ನು ಕಿತ್ತು ಹಾಕಬೇಕಾಗುತ್ತದೆ.