ಐದು ಟ್ಯಾಂಕರ್ ಅಕ್ಕಿ

ಬೆಳಿಗ್ಗೆ ಅಪಾರ್ಟ್‌ಮೆಂಟಿಗೆ 12,000 ಲೀಟರಿನ ಟ್ಯಾಂಕರ್ ಬಂತು, ಅದರ ಹಿಂದೆಯೇ ಅಂಗಡಿ ಹುಡುಗ ಸಿಂಧನೂರು ಕಡೆಯ ಸೋನಾ ಮಸೂರಿ ಮೂಟೆ ಹೊತ್ತು ತಂದ. 25 ಕೆಜಿ. ಸುಮ್ನೆ ಲೆಕ್ಕ ಹಾಕಿದೆ. ಒಂದು ಕೆಜಿ ಅಕ್ಕಿ ಬೆಳೆಯೋಕೆ ವಿಶ್ವ ಸರಾಸರಿ ಸುಮಾರು 2,500 ಲೀಟರ್ ನೀರು. ಅಂದ್ರೆ ಮೂಟೆಗೆ 62,500 ಲೀಟರ್, ಐದು ಟ್ಯಾಂಕರಿಗಿಂತ ಜಾಸ್ತಿ!

ಆ ನೀರು ಅಕ್ಕಿಯೊಳಗೆ ಇಲ್ಲ, ಬಹುಪಾಲು ಗದ್ದೆಯಲ್ಲೇ ಆವಿಯಾಗಿ ಹೋಗಿದೆ. ಇದಕ್ಕೆ 1990ರ ದಶಕದಲ್ಲಿ ಬ್ರಿಟನ್ನಿನ ಭೂಗೋಳ ತಜ್ಞ ಟೋನಿ ಅಲನ್ 'ವರ್ಚುವಲ್ ವಾಟರ್' ಅಂತ ಹೆಸರಿಟ್ಟರು. ನೀರಿಲ್ಲದ ಮಧ್ಯಪ್ರಾಚ್ಯದ ದೇಶಗಳು ಹೊರಗಿನಿಂದ ಧಾನ್ಯ ತರಿಸಿಕೊಂಡು ಬದುಕುವುದನ್ನು ನೋಡಿ ಹೊಳೆದ ಮಾತು ಅದು.

ಆದರೆ ಬರೀ ಲೀಟರ್ ನೋಡಿದರೆ ಮೋಸ ಹೋಗ್ತೀವಿ. ಆ ಸರಾಸರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆ ನೀರು. ಮಲೆನಾಡಿನ ಗದ್ದೆಗೆ ಬಿದ್ದ ಮಳೆಯನ್ನು ಪೈಪಿನಲ್ಲಿ ನಮಗೆ ತರೋಕಾಗಲ್ಲ ಅಲ್ವಾ? ಆದರೆ ಸಿಂಧನೂರು ಇರೋ ರಾಯಚೂರು ಒಣಸೀಮೆ, ಅಲ್ಲಿ ಬೇಸಿಗೆ ಭತ್ತ ನಿಂತಿರೋದೇ ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ, ಅದೂ ಕೊನೆ ಭಾಗದ ರೈತರು ನೀರು ಬಂದಿಲ್ಲ ಅಂತ ರಸ್ತೆಗಿಳಿಯುವ ಕಾಲುವೆ.

ಟ್ಯಾಂಕರಿನವನಿಗೆ ದುಡ್ಡು ಕೊಡುವಾಗ ಗೊಣಗಿದೆ. ಮೂಟೆಯ ಬಿಲ್ಲಿನಲ್ಲಿ ನೀರಿನ ಸಾಲೇ ಇರಲಿಲ್ಲ.