ಮೊದಲು ಹೊರನಾಡು, ಆಮೇಲೆ ಶೃಂಗೇರಿ

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಬೇಕು, ಸೋಮವಾರ ರಾತ್ರಿಯೊಳಗೆ ಮನೆ ಸೇರಬೇಕು, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಇಂಥ ರಜೆ ಸಿಕ್ಕಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೊರನಾಡು, ಶೃಂಗೇರಿಯ ಮಾತು ಬರುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಎರಡೂ ಕಡೆ ಊಟ ದೇವರದು.

ಈ ಸಲ ನಾನು, ನನ್ನ ತಂಗಿ ಇಬ್ಬರೇ ಹೊರಟಿದ್ದೆವು. ಖರ್ಚಿನ ಲೆಕ್ಕ ಹಾಕುವಾಗ ಅವಳು ಕೇಳಿದಳು: "ಅಣ್ಣ, ದೇವಸ್ಥಾನದ ಊಟ ನಂಬಿಕೊಂಡು ಟೂರ್ ಹಾಕೋದು ಸ್ವಲ್ಪ ನಾಚಿಕೆ ಅಲ್ವಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊರನಾಡಿನ ಸಾಲಿನಲ್ಲಿ ನಿಂತಾಗ ಆ ಪ್ರಶ್ನೆ ಮತ್ತೆ ತಲೆಗೆ ಬಂತು.

ಬಸ್ಸಿನ ವಿಷಯ ಮೊದಲು ಹೇಳಿಬಿಡುತ್ತೇನೆ. ರಾತ್ರಿ ಬಸ್ಸು ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೇಲೆ ಹೋಗುತ್ತದೆ. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವಿನ ಮೇಲೆ ತಿರುವು. ಹೊಟ್ಟೆ ತೊಳಸುವವರು ರಾತ್ರಿ ಕಡಿಮೆ ತಿಂದು, ಮುಂದಿನ ಸೀಟು ಹಿಡಿಯುವುದು ಒಳ್ಳೆಯದು. ಕೆಂಪು ಬಸ್ಸಾದರೆ ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ಹೀಗೆ. ಇಲ್ಲಿನ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸ, ಸ್ಲೀಪರ್‌ಗೆ ಅದು ನಡೆಯುವುದಿಲ್ಲ. ಮೂರು ದಿನ ಸಾಲು ರಜೆ ಇದ್ದರೆ ಸೀಟು ಮೊದಲೇ ಕಾದಿರಿಸದೆ ಹೊರಡಬೇಡಿ. ಆ ತಿರುವುಗಳಲ್ಲಿ ರಾತ್ರಿಯಿಡೀ ನಿಂತು ಹೋಗುವುದು ಯಾವ ಹರಕೆಯಲ್ಲೂ ಇಲ್ಲ! ಮಳೆಗಾಲವಾದರೆ ಇನ್ನೊಂದು ಎಚ್ಚರಿಕೆ. ಭದ್ರೆ ತುಂಬಿ ಬಂದಾಗ ಕಳಸದ ಹತ್ತಿರದ ಹೆಬ್ಬಾಳೆ ಸೇತುವೆ ಮುಳುಗಿದ್ದು ಎಷ್ಟೋ ಸಲ. ಆಗ ಹೊರನಾಡಿಗೆ ಸುತ್ತಿ ಹೋಗಬೇಕು. ಜೋರು ಮಳೆಯ ವಾರದಲ್ಲಿ ಹೊರಡುವ ಮುಂಚೆ ದಾರಿ ಹೇಗಿದೆ ಎಂದು ವಿಚಾರಿಸಿಕೊಳ್ಳಿ.

ಹೊರನಾಡಿನ ಗುಡಿಯಲ್ಲಿ ಗಂಡಸರು ಅಂಗಿ ತೆಗೆದು ಶಲ್ಯ ಹೊದ್ದು ಒಳಗೆ ಹೋಗಬೇಕು. ಬ್ಯಾಗಿನಲ್ಲಿ ಒಂದು ಪಂಚೆ, ಒಂದು ಶಲ್ಯ ಇಟ್ಟುಕೊಂಡರೆ ಶೃಂಗೇರಿಗೂ ಅದೇ ಆಗುತ್ತದೆ.

ಹೊರನಾಡಿನ ಅಮ್ಮ ಅನ್ನಪೂರ್ಣೆ ನಿಂತ ಭಂಗಿಯಲ್ಲಿದ್ದಾಳೆ. ನಾಲ್ಕು ಕೈ, ಮೇಲಿನ ಕೈಗಳಲ್ಲಿ ಶಂಖ, ಚಕ್ರ. ಮೈಯೆಲ್ಲ ಬಂಗಾರದ ಹೊಳಪು. ನೋಡಲು ಸಿಗುವುದು ಸ್ವಲ್ಪವೇ ಹೊತ್ತು, ಹಿಂದೆ ಸಾಲು ತಳ್ಳುತ್ತಿರುತ್ತದೆ. ಆದರೆ ಇಲ್ಲಿ ದರ್ಶನ ಗರ್ಭಗುಡಿಯ ಮುಂದೆ ಮುಗಿಯುವುದಿಲ್ಲ ಎನ್ನುವುದು ನನ್ನ ನಂಬಿಕೆ. ಊಟದ ಪಂಕ್ತಿಯಲ್ಲಿ ಕೂತ ಮೇಲೇ ಅದು ಪೂರ್ತಿ.

ಈ ತಾಯಿಯ ಕಥೆ ನಮ್ಮ ಅಜ್ಜಿಯರೆಲ್ಲ ಹೇಳುತ್ತಿದ್ದರು. ಒಮ್ಮೆ ಶಿವ, ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆಯೇ ಎಂದನಂತೆ. ಪಾರ್ವತಿಗೆ ಸಿಟ್ಟು ಬಂತು. ಸರಿ, ಹಾಗಾದರೆ ಅನ್ನವಿಲ್ಲದೆ ಇದ್ದು ನೋಡಿ ಎಂದು ಮಾಯವಾದಳು. ಭೂಮಿಯಲ್ಲಿ ಬೆಳೆ ನಿಂತಿತು, ಎಲ್ಲರೂ ಹಸಿವಿನಿಂದ ಕಂಗಾಲಾದರು. ಕೊನೆಗೆ ತಾಯಿಗೆ ಕರುಳು ಚುರ್ ಎಂದು, ಕಾಶಿಯಲ್ಲಿ ಅಡುಗೆ ಮಾಡಿ ಬಡಿಸಲು ನಿಂತಳು. ಅಲ್ಲಿಗೆ ಭಿಕ್ಷಾಪಾತ್ರೆ ಹಿಡಿದು ಬಂದವನು ಅದೇ ಶಿವ. ಅವಳು ಸೌಟು ತುಂಬ ಬಡಿಸಿದಳು.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಒಂದು ಸಂಗತಿ. ಶಿವನ ಬಳಿ ದುಡ್ಡಿರಲಿಲ್ಲ, ಅವಳು ಕೇಳಲೂ ಇಲ್ಲ. ಅವನು ಕೊಡಬೇಕಾಗಿದ್ದು ಒಂದೇ, ನನಗೆ ಹಸಿವಾಗಿದೆ ಎಂಬ ಒಪ್ಪಿಗೆ. ತಂಗಿಗೆ ಇದನ್ನೇ ಹೇಳಿದೆ. ಅನ್ನಪೂರ್ಣೆಯ ಮುಂದೆ ಕೈಯೊಡ್ಡುವುದು ನಾಚಿಕೆಯಾದರೆ ಆ ನಾಚಿಕೆ ಪಟ್ಟವರಲ್ಲಿ ನಾವು ಮೊದಲಿನವರಲ್ಲ. "ಅದು ಸರಿ, ಆದರೆ ನಾವು ಶಿವ ಅಲ್ವಲ್ಲ" ಎಂದಳು. ಅವಳ ಮಾತಲ್ಲೂ ಅರ್ಥವಿದೆ.

ಊಟದ ಹೊತ್ತಿಗೆ ಸಾಲಾಗಿ ಕೂರಿಸುತ್ತಾರೆ. ನಮ್ಮ ಒಂದು ಪಕ್ಕ ಯಾರೋ ಎಸ್ಟೇಟ್ ಕೆಲಸದವರು, ಇನ್ನೊಂದು ಪಕ್ಕ ಬಂಗಾರದ ಬಳೆ ತುಂಬ ಹಾಕಿಕೊಂಡ ಅಜ್ಜಿ. ಬಡಿಸುವವರು ಓಡಾಡುತ್ತಲೇ ಅನ್ನದ ರಾಶಿ ಹಾಕಿಬಿಡುತ್ತಾರೆ. ಅಷ್ಟು ಜನರಿಗೆ ಕೇಳಿ ಕೇಳಿ ಬಡಿಸಲು ಪುರುಸೊತ್ತೆಲ್ಲಿ? ಪೇಟೆಯವರು ಎಡವುವುದು ಇಲ್ಲೇ. ಕೈ ಅಡ್ಡ ಹಿಡಿಯುವಷ್ಟರಲ್ಲಿ ಅನ್ನ ಬಿದ್ದಿರುತ್ತದೆ, ಅರ್ಧ ಬಿಟ್ಟು ಏಳುತ್ತಾರೆ. ಸೌಟು ಪಕ್ಕದವರ ಹತ್ತಿರ ಇರುವಾಗಲೇ "ಸ್ವಲ್ಪ ಸಾಕು" ಎಂದುಬಿಡಬೇಕು. ಬೇಕಾದರೆ ಎರಡನೇ ಸಲ ಬಂದೇ ಬರುತ್ತಾರೆ. ಆ ಅಜ್ಜಿ ಹಾಗೇ ಮಾಡಿದರು. ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡು, ಸಾರು, ಪಾಯಸ, ಮಜ್ಜಿಗೆ ಎಲ್ಲ ಮುಗಿಸಿ, ಕೊನೆಗೆ ಒಂದು ಅಗುಳೂ ಉಳಿಯದಂತೆ ಬೆರಳಿಂದ ಬಳಿದರು. ಅವರ ಮಂಗಳಾರತಿ ಅದೇ ಇರಬೇಕು ಅನ್ನಿಸಿತು.

ತಂಗಿಯ ಪ್ರಶ್ನೆಗೆ ನಾವು ಕಂಡುಕೊಂಡ ದಾರಿ ಇದು. ಹೋಟೆಲಿನಲ್ಲಿ ತಿಂದಿದ್ದರೆ ಎಷ್ಟಾಗುತ್ತಿತ್ತೋ ಅದರಲ್ಲಿ ಒಂದು ಊಟದ ದುಡ್ಡನ್ನು ಬೇರೆ ತೆಗೆದಿಟ್ಟು ಅನ್ನದಾನಕ್ಕೆ ಬರೆಸಿದೆವು. ಕೌಂಟರಿನಲ್ಲಿ ರಸೀದಿ ಕೊಡುತ್ತಾರೆ. ಪೂರ್ತಿ ಲೆಕ್ಕ ಚುಕ್ತಾ ಮಾಡಲು ಹೋಗಲಿಲ್ಲ. ಹಾಗೆ ಮಾಡಿದರೆ ಅದು ಊಟದ ಬಿಲ್ ಆಗುತ್ತದೆ, ಪ್ರಸಾದ ಆಗುವುದಿಲ್ಲ.

ಹೊರನಾಡಿನಲ್ಲಿ ರಾತ್ರಿ ಉಳಿಯಲು ಸಾಲು ರಜೆಯಲ್ಲಿ ರೂಮು ಸಿಗುವುದು ಕಷ್ಟ. ಮಧ್ಯಾಹ್ನ ಊಟ ಮುಗಿಸಿ ಕಳಸಕ್ಕೆ ಬಂದು, ಕಳಸೇಶ್ವರನಿಗೆ ಕೈಮುಗಿದು, ಬೆಳಕಿರುವಾಗಲೇ ಶೃಂಗೇರಿ ಕಡೆ ಹೊರಡುವುದು ವಾಸಿ. ಮಲೆನಾಡಿನಲ್ಲಿ ಕತ್ತಲಾದ ಮೇಲೆ ಬಸ್ ನಂಬಬಾರದು. ನೇರ ಬಸ್ ಸಿಗದಿದ್ದರೆ ಬಾಳೆಹೊನ್ನೂರಿನಲ್ಲಿ ಬದಲಾಯಿಸಬಹುದು. ಶೃಂಗೇರಿಯಲ್ಲಿ ಮಠದ ವಸತಿಗೃಹಗಳಿವೆ. ಅಲ್ಲಿ ಸಿಗದಿದ್ದರೆ ಊರಿನಲ್ಲಿ ಸಣ್ಣ ಲಾಡ್ಜ್‌ಗಳಿವೆ. ನಮ್ಮ ಖರ್ಚಿನಲ್ಲಿ ದೊಡ್ಡದು ಅದೊಂದೇ.

ಭಾನುವಾರ ಇಡೀ ದಿನ ಶೃಂಗೇರಿಗೇ ಇಡಿ. ವಿದ್ಯಾಶಂಕರ ದೇವಸ್ಥಾನದಲ್ಲಿ ಹನ್ನೆರಡು ರಾಶಿಯ ಹನ್ನೆರಡು ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುವಂತೆ ಕಟ್ಟಿದ್ದಾರೆ ಎನ್ನುತ್ತಾರೆ. ಕಂಬದ ಸಿಂಹದ ಬಾಯಿಯಲ್ಲಿ ಕಲ್ಲಿನ ಗುಂಡು ಉರುಳುತ್ತದೆ, ಹೊರಗೆ ಬರುವುದಿಲ್ಲ. ಕೆಳಗೆ ತುಂಗೆಯ ಮೆಟ್ಟಿಲಲ್ಲಿ ತೋಳುದ್ದದ ಮೀನುಗಳು. ಅವನ್ನು ಯಾರೂ ಹಿಡಿಯುವಂತಿಲ್ಲ. ಪಕ್ಕದಲ್ಲೇ ಕಪ್ಪೆ ಶಂಕರ. ಹೆರಿಗೆ ನೋವಿನ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಇಲ್ಲೇ ಪೀಠ ಸ್ಥಾಪಿಸಿದರಂತೆ. ಆಹಾರವೇ ಎದುರಿಗಿದ್ದರೂ ಹಾವು ಬಾಯಿ ಹಾಕಲಿಲ್ಲ. ಪುಟ್ಟ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಬಂದವರ ಗದ್ದಲ ಶಾರದೆಯ ಗುಡಿಯಲ್ಲಿ ಇದ್ದೇ ಇರುತ್ತದೆ. ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಿಂದಿನ ದಿನ ಹೊಟ್ಟೆಗೆ ಬಿದ್ದ ಅಕ್ಕಿಯೇ ಇಲ್ಲಿ ಸ್ಲೇಟಾಗುತ್ತದೆ.

ಅನ್ನಪೂರ್ಣೆಯ ಮೇಲಿನ ಸ್ತೋತ್ರವನ್ನೂ ಶಂಕರಾಚಾರ್ಯರದೇ ಎಂದು ಹೇಳುತ್ತಾರೆ. ಅದರ ಕೊನೆಯಲ್ಲಿ ಅವರು ಬೇಡುವುದು ಅನ್ನವನ್ನಲ್ಲ, ಜ್ಞಾನ, ವೈರಾಗ್ಯದ ಭಿಕ್ಷೆಯನ್ನು. ಹಾಗಾಗಿಯೇ ಈ ಎರಡು ಊರನ್ನು ನಾನು ಉಲ್ಟಾ ಮಾಡಿ ನೋಡುವುದಿಲ್ಲ. ಹೊಟ್ಟೆ ತುಂಬಿಸಿದವಳನ್ನು ಮೊದಲು ನೋಡಬೇಕು, ಆಮೇಲೆ ಶಾರದೆಯ ಹತ್ತಿರ ಹೋಗಬೇಕು.

ವಾಪಸ್ ಬರಲು ಸೋಮವಾರ ಬೆಳಗಿನ ಬಸ್ಸನ್ನೇ ಹಿಡಿಯಿರಿ. ರಾತ್ರಿ ಬಸ್ಸುಗಳು ರಜೆ ಮುಗಿಸಿ ಬರುವವರಿಂದ ತುಂಬಿರುತ್ತವೆ, ಮಂಗಳವಾರ ಆಫೀಸಿನಲ್ಲಿ ತೂಕಡಿಸಬೇಕಾಗುತ್ತದೆ. ತಂಗಿ ಈಗಾಗಲೇ ಮುಂದಿನ ರಜೆಯ ಪಟ್ಟಿ ತೆಗೆದಿದ್ದಾಳೆ. ಆಗ ಅಮ್ಮನನ್ನೂ ಕರೆದುಕೊಂಡು ಹೋಗಬೇಕಂತೆ. ಅನ್ನದಾನಕ್ಕೆ ಎರಡು ಊಟದ ದುಡ್ಡು ಎತ್ತಿಡಬೇಕು ಎಂದೂ ಹೇಳಿದ್ದಾಳೆ.